ನೀರಾಗ ಕಾಣೋ ಬೋರ್ಡಿನ ಅಕ್ಷರ ಹ್ಯಾಂಗ ಕೂಡಸ್ಬೇಕು

ಪ್ರಶ್ನೆ: ಸರ್ ನಮಸ್ಕಾರ್ರೀ, ಕಲಬುರಗಿದಾಗ ನಮ್ದೊಂದು ಸಣ್ಣ ಸ್ಟುಡಿಯೋ ಅದ. ಖಾನಾವಳಿ ಮಾಲಕ್ರು ಒಬ್ರು ಮಳಿ ನಿಂತ ಮ್ಯಾಲ ತಗದಿದ್ದ ಹಳೇ ಫೋಟೋ ಕೊಟ್ಟಾರ, ಬೋರ್ಡಿನ ಮ್ಯಾಲ "ಜೋಳದ ರೊಟ್ಟಿ ಊಟ, ಗುಲಬರ್ಗಾ" ಅಂತದ, ಅದನ್ನ "ಕಲಬುರಗಿ" ಮಾಡಿ ದೊಡ್ಡ ಪ್ರಿಂಟ್ ಕೊಡ್ರಿ ಅಂದಾರ. ಮ್ಯಾಲಿನ ಬೋರ್ಡ್ ಛಲೋ ಬಂದದ. ರೋಡಿನ್ಯಾಗ ನಿಂತ ನೀರಾಗೂ ಅದೇ ಬೋರ್ಡ್ ಕಾಣ್ತದ ನೋಡ್ರಿ, ಅಲ್ಲಿ ಹೊಸಾ ಅಕ್ಷರ ಉಲ್ಟಾ ಮಾಡಿ ಇಟ್ರ ಒಂದ್ ಕಡಿ ಕೂಡ್ತದ, ಇನ್ನೊಂದ್ ಕಡಿ ಕೆಳಗ ಇಳೀತದ. ಎಲ್ಲಿ ತಪ್ಪಲಾಕತ್ತೀನಿ? ಇದೇ ಪದ್ಧತಿ ಕನ್ನಡಿ ಇರೋ ಫೋಟೋಕ್ಕೂ ನಡೀತದೇನ್ರೀ?

ಉತ್ತರ:

ಫೋಟೋ ನೋಡಿದೆ, ಮ್ಯಾಲಿನ ಬೋರ್ಡ್ ಖರೇನೇ ಛಲೋ ಮಾಡೀರಿ. ಕೆಳಗಿಂದು ತಪ್ಪಿದ್ದಕ್ಕ ಎರಡ್ ಕಾರಣ ಅವ, ಒಂದು ಸಣ್ಣದು, ಇನ್ನೊಂದು ಜರಾ ಲೆಕ್ಕದ್ದು. ಸಣ್ಣದು ಮೊದಲು ಹೇಳಿ ಮುಗಸ್ತೀನಿ.

ನೀವು ಕಳಿಸಿದ ಎರಡನೇ ಫೈಲಿನ್ಯಾಗ ಅಕ್ಷರ ಉಲ್ಟಾ ಆಗ್ಯಾವ, ಆದ್ರ ತಿರುಗಿಸಿ ಉಲ್ಟಾ ಮಾಡೀರಿ, ಅಂದ್ರ `Rotate 180°` ಕೊಟ್ಟೀರಿ. ನೀರಿಗಿ ಅದು ನಡಿಯಲ್ಲ, `Flip Vertical` ಕೊಡ್ಬೇಕು. ಎರಡೂ ತಲಿಕೆಳಗ ಮಾಡ್ತಾವ, ಅದಕ್ಕ ಗಡಬಡದಾಗ ಒಂದೇ ಅನಸ್ತದ. ಫರಕ್ ಏನಪಾ ಅಂದ್ರ ತಿರುಗಿಸಿದ್ರ ಎಡ ಬಲಾನೂ ಅದಲಿ ಬದಲಿ ಆಗ್ತದ, "ಜೋಳದ" ಇದ್ದ ಕಡಿ ಕೆಳಗ "ಕಲಬುರಗಿ" ಬಂದು ಕುಂದ್ರತದ. ನೀರು ಎಡಕ್ಕಿದ್ದುದ್ದನ್ನ ಬಲಕ್ಕ ಒಯ್ಯಲ್ಲ, ಮ್ಯಾಲಿದ್ದುದ್ದನ್ನ ಕೆಳಗ ತೋರಸ್ತದ ಅಷ್ಟೇ. ಹಂಗಾಗಿ "ಜೋ" ಎಲ್ಲಿ ಅದನೋ ಸೀದಾ ಅದರ ಕೆಳಗೇ ಉಲ್ಟಾ "ಜೋ" ಇರ್ಬೇಕು, "ಗಿ" ಕೆಳಗ "ಗಿ". ಕನ್ನಡದಾಗ ಈ ತಪ್ಪು ಲಗೂನ ಕಣ್ಣಿಗಿ ಬೀಳಲ್ಲ, ಯಾಕಂದ್ರ ನಮ್ಮ ಅಕ್ಷರ ಎಲ್ಲಾ ದುಂಡ, ಉಲ್ಟಾ ಆದ ಮ್ಯಾಲ ಯಾವ ಕಡಿ ಹೆಂಗ ತಿರುಗ್ಯಾವ ಅಂತ ಓದ್ಲಾಕ ಬರಲ್ಲ. ನಾನೂ ಒಂದ್ ಸಲ ಕೆರಿ ದಂಡಿ ಮ್ಯಾಲ ತಗದ ಲಗ್ನದ ಫೋಟೋದಾಗ ಬ್ಯಾನರಿನ ಹೆಸರು ತಿರುಗಿಸಿ ಇಟ್ಟು, ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿ ಕೊಟ್ಟಿದ್ದೆ. ಗಂಡಿನ ಹೆಸರಿನ ಕೆಳಗ ನೀರಾಗ ಹೆಣ್ಣಿನ ಹೆಸರು! ಹುಡುಗಿ ಸಣ್ಣ ತಮ್ಮ, ಐದನೇತ್ತ ಓದೋ ಹುಡುಗ, ಹಿಡದು ತೋರಿಸ್ದ, ಫ್ರೇಮ್ ಬಿಚ್ಚಿ ಮತ್ತ ಕಟ್ಟಿಕೊಟ್ಟೆ.

ಆವತ್ತಿನಿಂದ ನಾ ಒತ್ತಕ್ಷರ ಇರೋ ಒಂದ್ ಅಕ್ಷರ ಗುರ್ತು ಇಟ್ಕೋತೀನಿ. ನಿಮ್ಮ ಬೋರ್ಡಿನ್ಯಾಗ "ಟ್ಟಿ" ಅದ ನೋಡ್ರಿ. ಖರೇ ಬೋರ್ಡಿನ್ಯಾಗ ಒತ್ತು ಕೆಳಗ ಜೋತು ಬಿದ್ದದ, ನೀರಾಗ ಅದು ಅಕ್ಷರದ ಮ್ಯಾಲ ಏರಿ ಕುಂತಿರ್ಬೇಕು, ಮತ್ತ ಬಲಕ್ಕ ಸರಿದಿದ್ರ ನೀರಾಗೂ ಬಲಕ್ಕೇ ಸರಿದಿರ್ಬೇಕು. ಒತ್ತು ಮ್ಯಾಲ ಬಂದು ಎಡಕ್ಕ ಹೋಗಿತ್ತಂದ್ರ ನೀವು ತಿರುಗಿಸೀರಿ ಅಂತ ಅರ್ಥ. ಒಂದೇ ಕಣ್ಣೋಟದಾಗ ಗೊತ್ತಾಗ್ತದ.

ಈಗ ದೊಡ್ಡ ಮಾತು. ನೀವು ಫ್ಲಿಪ್ ಮಾಡಿದ ಮೂರನೇ ಫೈಲಿನ್ಯಾಗ ಎಡಗಡಿ ಬರೋಬ್ಬರಿ ಕುಂತದ, ಬಲಗಡಿ ಬೋರ್ಡಿನಷ್ಟೇ ಎತ್ತರದ್ದು ಒಂದ್ ಬೋರ್ಡ್ ಪೂರಾ ಕೆಳಗ ಇಳದದ. ಅದು ಕೈ ತಪ್ಪಲ್ಲ, ಫೋಟೋದಾಗಿನ ಬೋರ್ಡನ್ನ ಹಂಗೇ ಎತ್ತಿ ಮಗುಚಿ ಹಾಕಿದ್ರ ನೀರಾಗ ಕಾಣೋ ಬೋರ್ಡ್ ಆಗ್ತದ ಅನ್ನೋ ನಂಬಿಕಿ ತಪ್ಪು. ನೀರು ಫೋಟೋ ನೋಡಿಲ್ಲ, ನೀರು ಖಾನಾವಳಿ ನೋಡ್ಯದ. ನೀರಿನ ಮಟ್ಟದ ಮ್ಯಾಲ ನಿಮ್ಮ ಕ್ಯಾಮೆರಾ 5 ಫೂಟ್ ಎತ್ತರದಾಗ ಇತ್ತಂತ ತಿಳೀರಿ, ಹಂಗಾದ್ರ ನೀರಾಗ ಕಾಣೋ ಚಿತ್ರ ಅಂದ್ರ ನೀರಿನ ಮಟ್ಟಕ್ಕಿಂತ 5 ಫೂಟ್ ಕೆಳಗ, ನೆಲದ ಒಳಗ, ಇನ್ನೊಂದ್ ಕ್ಯಾಮೆರಾ ಇಟ್ಟು ಅದೇ ಬೋರ್ಡ್ ನೋಡಿದ್ರ ಹ್ಯಾಂಗ ಕಾಣ್ತದನೋ ಅದನ್ನ ಮಗುಚಿದ್ದು. ಈ ಒಂದ್ ಮಾತು ತಲ್ಯಾಗ ಇಟ್ಕೊಂಡ್ರ ಮುಂದಿಂದೆಲ್ಲಾ ತಾನೇ ಬಿಚ್ಚಿಕೋತದ.

ನಿಮ್ಮ ಫೋಟೋ 4000 ಅಗಲ, 3000 ಎತ್ತರ. ಲೆಕ್ಕ ಎಲ್ಲಾ ಮ್ಯಾಲಿಂದ ಕೆಳಗ ಎಣಿಸ್ತೀನಿ, ಅಂದ್ರ ಫೋಟೋದ ನೆತ್ತಿ 0, ತಳ 3000. ಸಾಲು ಅಂದ್ರ ನಿಂತ ಸಾಲು, ಅದನ್ನ ಎಡದಿಂದ ಬಲಕ್ಕ ಎಣಿಸ್ತೀನಿ. ಬೋರ್ಡಿನ ಎಡ ಅಂಚು 1200ನೇ ಪಿಕ್ಸೆಲ್ ಸಾಲಿನ ಮ್ಯಾಲ ಅದ, ಅಲ್ಲಿ ಬೋರ್ಡಿನ ಮ್ಯಾಲಿನ ಮೂಲಿ 900, ಕೆಳಗಿನ ಮೂಲಿ 1100. ಬಲ ಅಂಚು 2400ನೇ ಸಾಲಿನ ಮ್ಯಾಲ, ಅಲ್ಲಿ ಮ್ಯಾಲ 1020, ಕೆಳಗ 1180. ಗ್ವಾಡಿ ಬಲಕ್ಕ ಹೋದಂಗ ದೂರ ಹೋಗ್ತದ, ಅದಕ್ಕ ಎಡಗಡಿ 200 ಪಿಕ್ಸೆಲ್ ಎತ್ತರ ಇದ್ದ ಬೋರ್ಡ್ ಬಲಗಡಿ 160 ಆಗ್ಯದ.

ಮಗುಚಬೇಕಂದ್ರ ಯಾವ ಗೆರಿ ಮ್ಯಾಲ ಮಗುಚಬೇಕು ಅನ್ನೋದು ಮೊದಲು ಬೇಕು. ಭಾಳ ಮಂದಿ ನೀರು ಶುರು ಆಗೋ ಅಂಚನ್ನೇ ಆ ಗೆರಿ ಅಂತ ತಿಳೀತಾರ. ಅಲ್ಲ. ಬೋರ್ಡಿನಿಂದ ಸೀದಾ ಕೆಳಗ ಒಂದ್ ತೂಗುಗುಂಡು ಬಿಟ್ರ ಅದು ನೀರಿನ ಮಟ್ಟ ಎಲ್ಲಿ ಮುಟ್ಟತದ, ಆ ಜಾಗ. ನೀರು ಅಲ್ಲಿ ತನಕ ಹಬ್ಬಿರ್ಬೇಕಂತಿಲ್ಲ, ನೆಲದ ಒಳಗ ಹಬ್ಬೈತಿ ಅಂತ ಮನಸಿನ್ಯಾಗ ಎಳಕೋಬೇಕು. ನಿಮ್ಮ ಖಾನಾವಳಿಗಿ ಮುಂದ ಶಹಾಬಾದ್ ಫರಸಿ ಹಾಕಿದ ಕಟ್ಟಿ ಅದ, ಗ್ವಾಡಿ ಬುಡ ಆ ಕಟ್ಟಿ ಮ್ಯಾಲ ನಿಂತದ, ನೀರು ಅದಕ್ಕಿಂತ ಕೆಳಗ ರೋಡಿನ್ಯಾಗ ಅದ, ಹಂಗಾಗಿ ಗ್ವಾಡಿ ಬುಡದ ಗೆರಿನೂ ಉಪಯೋಗ ಇಲ್ಲ, ಬೇಕಾದ ಗೆರಿ ಕಟ್ಟಿ ಹಿಂದ ಮುಚ್ಚಿ ಹೋಗ್ಯದ.

ಕಾಣದ ಗೆರಿ ಹುಡುಕೋದು ಸುಲಭ ಅದ. ಗ್ವಾಡಿ ಮ್ಯಾಲಿನ ಯಾವುದಾದ್ರೂ ಒಂದ್ ಗುರ್ತು ಖರೇದೂ ನೀರಾಗಿಂದೂ ಎರಡೂ ಕಾಣಸ್ಬೇಕು, ಎರಡರ ನಟ್ಟ ನಡುವಿನ ಬಿಂದು ಆ ಗೆರಿ ಮ್ಯಾಲ ಬೀಳ್ತದ. ನಿಮ್ಮ ಫೋಟೋದಾಗ ಬೋರ್ಡಿನ ಮ್ಯಾಲಿನ ಮಾಳಗಿ ಕಿಡಕಿ ಮೂಲಿ 1500ನೇ ಸಾಲಿನ್ಯಾಗ 840ಕ್ಕ ಅದ, ಅದೇ ಮೂಲಿ ನೀರಾಗ 2920ಕ್ಕ ಕಾಣ್ತದ. ಎರಡೂ ಕೂಡಿಸಿ ಅರ್ಧ ಮಾಡ್ರಿ, 1880. ಬಲಗಡಿ ಬಾಗಲದ ಮ್ಯಾಲಿನ ಜಾಳಗಿ ಮೂಲಿ 2250ನೇ ಸಾಲಿನ್ಯಾಗ 1230, ನೀರಾಗ 2430, ಅರ್ಧ ಅಂದ್ರ 1830. ಈ ಎರಡು ಬಿಂದು ಕೂಡಿಸಿ ಒಂದ್ ಗೆರಿ ಎಳದು ಎರಡೂ ಕಡಿ ಉದ್ದ ಮಾಡಿದ್ರ ಬೋರ್ಡಿನ ಎಡ ಅಂಚಿನ ಕೆಳಗ 1900, ಬಲ ಅಂಚಿನ ಕೆಳಗ 1820 ಬರ್ತದ. ಇದೇ ಮಗುಚೋ ಗೆರಿ. ನೋಡ್ರಿ, ಇದು ಅಡ್ಡ ಸೀದಾ ಇಲ್ಲ, ಬಲಕ್ಕ ಹೋದಂಗ ಮ್ಯಾಲ ಏರ್ತದ. ನೀವು 1900ರ ಮ್ಯಾಲ ಸೀದಾ ಅಡ್ಡ ಗೆರಿ ಇಟ್ಟು ಮಗುಚೀರಿ, ಎಡಗಡಿ ಕೂಡ್ತು, ಬಲಗಡಿ ತಪ್ಪಿತು.

ಗುರ್ತು ಆರಿಸೋವಾಗ ಒಂದ್ ಎಚ್ಚರಿಕಿ. ಅದು ಬೋರ್ಡ್ ಇದ್ದ ಅದೇ ಗ್ವಾಡಿಗಿ ಅಂಟಿದ್ದೇ ಆಗ್ಬೇಕು. ಮುಂದ ಚಾಚಿದ ಬಲ್ಬು, ಕರೆಂಟಿನ ಕಂಬ, ನಿಂತ ಸೈಕಲ್ ಇವ್ಯಾವೂ ಬ್ಯಾಡ. ಕಂಬ ನಿಮ್ಮ ಹತ್ರ ಅದ, ಅದರ ಬುಡ ಫೋಟೋದಾಗ ಕೆಳಗ ಬರ್ತದ, ಹಂಗಾಗಿ ಅದರ ಮಗುಚೋ ಗೆರಿ ಬ್ಯಾರೆ. ಒಂದೇ ಫೋಟೋದಾಗ ಒಂದೊಂದು ದೂರಕ್ಕ ಒಂದೊಂದು ಗೆರಿ ಇರ್ತದ.

ಗೆರಿ ಸಿಕ್ಕ ಮ್ಯಾಲ ಲೆಕ್ಕ ಅಂದ್ರ ಕೂಡಿಸಿ ಕಳಿಯೋದು ಅಷ್ಟೇ. ಆ ಸಾಲಿನ ಗೆರಿ ನಂಬರ್ ಎರಡ್ ಪಟ್ಟು ಮಾಡ್ರಿ, ಖರೇ ಮೂಲಿ ನಂಬರ್ ಕಳೀರಿ, ನೀರಾಗಿನ ಮೂಲಿ ಸಿಗ್ತದ. ಎಡಗಡಿ 1900 ಎರಡ್ ಪಟ್ಟು 3800, ಅದರಾಗ 900 ಕಳದ್ರ 2900, 1100 ಕಳದ್ರ 2700. ಬಲಗಡಿ 1820 ಎರಡ್ ಪಟ್ಟು 3640, ಅದರಾಗ 1020 ಕಳದ್ರ 2620, 1180 ಕಳದ್ರ 2460. ನೀವು ಇಟ್ಟ ಬಲ ಮೂಲಿ 2780ಕ್ಕ ಅದ, ಇರ್ಬೇಕಾದ್ದು 2620, ಫರಕ್ 160, ಅಂದ್ರ ಆ ತುದ್ಯಾಗ ಬೋರ್ಡಿನ ಪೂರಾ ಎತ್ತರ.

ಎತ್ತರ ನೋಡ್ರಿ, ಎಡಗಡಿ ಮ್ಯಾಲೂ 200 ನೀರಾಗೂ 200, ಬಲಗಡಿ 160ಕ್ಕ 160. ಎತ್ತರ ಬದಲಾಗಲ್ಲ, ಇಳಿಜಾರು ಬದಲಾಗ್ತದ. ಖರೇ ಬೋರ್ಡಿನ ಮ್ಯಾಲಿನ ಅಂಚು ಎಡದಿಂದ ಬಲಕ್ಕ 120 ಪಿಕ್ಸೆಲ್ ಇಳೀತದ, ನೀರಾಗ ಅದೇ ಅಂಚು 280 ಏರ್ತದ. ಎರಡ್ ಪಟ್ಟಿಗಿಂತ ಜಾಸ್ತಿ ಓರೆ. ಮೊದಲ ಸಲ ನೋಡಿದವರಿಗಿ ಇದು ತಪ್ಪು ಅನಸ್ತದ, "ಇಷ್ಟ್ ಓರೆ ಯಾಕ್ ಇರ್ತದ" ಅಂತ ಮತ್ತ ಸೀದಾ ಮಾಡಿ ಕೆಡಸ್ತಾರ. ನೆಲದೊಳಗಿನ ಕ್ಯಾಮೆರಾ ನೆನಪು ಮಾಡ್ಕೊಳ್ರಿ, ಅದು ಖರೇ ಕ್ಯಾಮೆರಾಕಿಂತ ಇನ್ನೂ 10 ಫೂಟ್ ಕೆಳಗ ಅದ, ಕುತ್ತಿಗಿ ಎತ್ತಿ ನೋಡಿದಂಗ, ಹಂಗಾಗಿ ಓರೆ ಜಾಸ್ತಿ.

ಬರೋಬ್ಬರಿ ಬಂದದೋ ಇಲ್ಲೋ ಅಂತ ಪರೀಕ್ಷಾ ಮಾಡ್ಲಾಕ ಕ್ಯಾನ್ವಾಸ್ ಬಲಕ್ಕ ದೊಡ್ಡದು ಮಾಡಿ ಖರೇ ಬೋರ್ಡಿನ ಮ್ಯಾಲಿನ ಅಂಚು, ಕೆಳಗಿನ ಅಂಚು, ನೀರಾಗಿನ ಎರಡೂ ಅಂಚು, ನಾಕೂ ಗೆರಿ ಉದ್ದಕ ಎಳೀರಿ. ನಾಕೂ ಒಂದೇ ಬಿಂದುಕ್ಕ ಬಂದು ಕೂಡ್ಬೇಕು. ನಿಮ್ಮ ಫೋಟೋದಾಗ ಅದು 7200ನೇ ಸಾಲಿನ್ಯಾಗ, 1500 ಎತ್ತರದಾಗ ಕೂಡ್ತದ, ಫೋಟೋದ ಹೊರಗ ಭಾಳ ದೂರ. 1500 ಅಂದ್ರ ಫೋಟೋದ ಎತ್ತರದ ಸರೀ ಅರ್ಧ, ಅಂದ್ರ ತಗದವರು ಕ್ಯಾಮೆರಾ ಮ್ಯಾಲ ಕೆಳಗ ವಾಲಿಸ್ದೆ ಸೀದಾ ಹಿಡದಾರ, ಆಮ್ಯಾಲ ಕ್ರಾಪ್ ಮಾಡಿಲ್ಲ. ನಿಮ್ಮ ನಸೀಬ ಛಲೋ ಅದ.

ಯಾಕಂದ್ರ ಈ ಕೂಡಿಸಿ ಕಳಿಯೋ ಲೆಕ್ಕ ಕ್ಯಾಮೆರಾ ಸೀದಾ ಇದ್ರ ಮಾತ್ರ ನಡೀತದ. ನೀರು ಜಾಸ್ತಿ ಬರ್ಲಿ ಅಂತ ಮೊಬೈಲ್ ಕೆಳಗ ವಾಲಿಸಿ ತಗದ ಫೋಟೋದಾಗ ಗ್ವಾಡಿ ನಿಂತ ಗೆರಿಗಳೆಲ್ಲಾ ಕೆಳಗ ಹೋದಂಗ ಒಂದಕ್ಕೊಂದು ಹತ್ರ ಬರ್ತಾವ, ಆಗ ನೀರಾಗಿನ ಅಕ್ಷರ ಸೀದಾ ಕೆಳಗೂ ಇರಲ್ಲ, ಅಷ್ಟೇ ಎತ್ತರಾನೂ ಇರಲ್ಲ. ಬಾಗಲ ಚೌಕಟ್ಟಿನ ಎರಡು ನಿಂತ ಗೆರಿ ನೋಡ್ರಿ, ಒಂದಕ್ಕೊಂದು ಸಮ ಇದ್ರ ಲೆಕ್ಕ ಮಾಡ್ರಿ, ಇಲ್ಲಂದ್ರ ಲೆಕ್ಕ ಬಿಟ್ಟು ಹಳೇ ಬೋರ್ಡಿನ ನೀರಾಗಿನ ನಾಕು ಮೂಲಿ ಕಣ್ಣಿಲೆ ಗುರ್ತಿಸಿ ಅದಕ್ಕೇ ಕೂಡಸ್ರಿ. ಹಳೇ ಬಿಂಬದಾಗ ಒಂದ್ ಮೂಲಿ ಫರಸಿ ಹಿಂದ ಹೋಗಿದ್ರ ಸಿಕ್ಕ ಅಂಚು ಎರಡೂ ಉದ್ದ ಮಾಡಿ ಎಲ್ಲಿ ಕೂಡ್ತಾವ ನೋಡ್ರಿ, ಅದೇ ಮೂಲಿ.

ಫೋಟೋಶಾಪಿನ್ಯಾಗ ನಾ ಹಿಂಗ ಮಾಡ್ತೀನಿ. ಒಂದ್ ಶಬ್ದಾ ಅಷ್ಟೇ ಬದಲಿ ಮಾಡ್ಲಾಕ ಹೋಗಲ್ಲ, ಪೂರಾ ಸಾಲು ಹೊಸದಾಗಿ ಬರೀತೀನಿ, ಯಾಕಂದ್ರ "ಗುಲಬರ್ಗಾ" ನಾಕು ಅಕ್ಷರ, "ಕಲಬುರಗಿ" ಐದು, ಸಾಲಿನ ನಡು ಸರೀತದ. ಮೊದಲು ಬೋರ್ಡ್ ಎದುರಿಗಿ ನಿಂತು ನೋಡಿದಂಗ ಚಪ್ಪಟ, ಉದ್ದ ಎತ್ತರ ಸರಿ ಇರೋ ಹಂಗ ಮಾಡ್ರಿ. ಅಕ್ಷರ ಒಡದಿಲ್ಲ ಅಂತ ಇಲ್ಲೇ ಓದಿ ನೋಡ್ರಿ, ಒತ್ತು ಪಕ್ಕಕ್ಕ ಬಿದ್ದಿದ್ರ ಈಗ್ಲೇ ಸರಿ ಮಾಡ್ರಿ, ಮಗುಚಿದ ಮ್ಯಾಲ ಯಾರಿಗೂ ಕಾಣಲ್ಲ. ಆಮ್ಯಾಲ ಅದನ್ನ `Convert to Smart Object` ಮಾಡಿ `Ctrl+J` ಒತ್ತಿ ಇನ್ನೊಂದ್ ಪ್ರತಿ ತಗೊಳ್ರಿ. ಟೈಪ್ ಲೇಯರ್‌ನ್ಯಾಗ ಹಂಗೇ ಇದ್ರ `Distort` ಬರಲ್ಲ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿದ್ರ ಬರ್ತದ, ಮತ್ತ ಒಂದರಾಗ ಕಾಗುಣಿತ ತಿದ್ದಿದ್ರ ಎರಡೂ ತಿದ್ದತಾವ. ಮಾಲಕ್ರು ಕಡೀ ಗಳಿಗ್ಯಾಗ "ಊಟ ತಗದು ಖಾನಾವಳಿ ಹಾಕ್ರಿ" ಅಂತಾರ, ಅಂದೇ ಅಂತಾರ, ಆಗ ಇದು ಉಳಸ್ತದ.

ಮೊದಲನೇ ಪ್ರತಿ ಖರೇ ಬೋರ್ಡಿನ ನಾಕು ಮೂಲಿಗಿ ಎಳೀರಿ. ಎರಡನೇದಕ್ಕ `Edit > Transform > Flip Vertical` ಕೊಟ್ಟು, ಆಮ್ಯಾಲ `Distort` ತಗೊಂಡು ಈಗ ಮ್ಯಾಲ ಕಾಣೋ ಎಡ ಮೂಲಿ 2700ಕ್ಕ, ಕೆಳಗಿನ ಎಡ ಮೂಲಿ 2900ಕ್ಕ, ಮ್ಯಾಲಿನ ಬಲ ಮೂಲಿ 2460ಕ್ಕ, ಕೆಳಗಿನ ಬಲ ಮೂಲಿ 2620ಕ್ಕ. ಮೊದಲೇ `View > Guides > New Guide` ದಿಂದ ಗೈಡ್ ಹಾಕಿಟ್ರ ಮೂಲಿ ಸೀದಾ ಅಂಟಕೋತಾವ. ನಿಮ್ಮಂಗ ಮ್ಯಾಲಿನ ಬೋರ್ಡ್ ಆಗ್ಲೇ ಕುಂತಿದ್ರ ಅದರ ಪ್ರತೀನೇ ಫ್ಲಿಪ್ ಮಾಡಿ `Skew` ಲೆ ಬಲಗಡಿ ಮ್ಯಾಲ ಎತ್ತಿದ್ರೂ ಅದೇ ಉತ್ತರ ಬರ್ತದ, ಕ್ಯಾಮೆರಾ ಸೀದಾ ಇದ್ದಾಗ ಫ್ಲಿಪ್ಪಿಗೂ ಖರೇ ಬಿಂಬಕ್ಕೂ ನಡುವ ಇರೋದು ಆ ಒಂದು ಓರೆ ಅಷ್ಟೇ. ಗಿಂಪ್ ಇದ್ರ ಫ್ಲಿಪ್ ಮಾಡಿ ಪರ್ಸ್ಪೆಕ್ಟಿವ್ ಟೂಲಿಲೆ ಮೂಲಿ ಎಳೀರಿ.

ಅಕ್ಷರ ಅಕ್ಷರಕ್ಕ ಕೂಡ್ತಾವೋ ಇಲ್ಲೋ ನೋಡ್ಲಾಕ ಒಂದ್ ನಿಂತ ಗೈಡ್ ತಂದು ಬೋರ್ಡಿನ ನಡುವಿನ ಅಕ್ಷರದ ಮ್ಯಾಲ ಇಡ್ರಿ. ಅದು 1800 ಅಲ್ಲ ನೆಪ್ಪಿರ್ಲಿ, 1200 ಮತ್ತ 2400ರ ಅರ್ಧ 1800 ಆದ್ರೂ ಹತ್ರ ಇರೋ ಅರ್ಧ ಬೋರ್ಡ್ ದೊಡ್ಡದಾಗಿ ಕಾಣ್ತದ, ಹಂಗಾಗಿ ಖರೇ ನಡು 1867ರ ಹತ್ರ ಬೀಳ್ತದ. ಮ್ಯಾಲೂ ಕೆಳಗೂ ಅದೇ 1867ಕ್ಕ ಅದೇ ಅಕ್ಷರ ಇರ್ಬೇಕು. ಮ್ಯಾಲ ಒಂದ್ ಅಕ್ಷರ, ಕೆಳಗ ಬಾಜೂದ್ ಅಕ್ಷರ ಬಂತಂದ್ರ ಎರಡರಾಗ ಒಂದಕ್ಕ ನೀವು ದೂರದ ಇರುಕು ಕೊಟ್ಟಿಲ್ಲ, ಚಪ್ಪಟ ಎಳದೀರಿ.

ಇಷ್ಟೆಲ್ಲಾ ಕೂಡಿದ ಮ್ಯಾಲೂ ನಿಮ್ಮ ಫೋಟೋದಾಗ ಒಂದ್ ತಪ್ಪು ಉಳೀತದ, ಅದು ನನಗೂ ಎರಡ್ ಸಲ ನೋಡಿದ ಮ್ಯಾಲ ಹೊಳೀತು. ಬೋರ್ಡಿನ ಕೆಳಗ ಚಜ್ಜಾ ಅದ ನೋಡ್ರಿ, ಎರಡ್ ಫೂಟ್ ಮುಂದ ಚಾಚ್ಯದ. ನೀವು 5 ಫೂಟ್ ಎತ್ತರದಾಗ ನಿಂತು ನೋಡಿದ್ರ ಬೋರ್ಡ್ ಪೂರಾ ಕಾಣ್ತದ. ನೆಲದೊಳಗಿನ ಕ್ಯಾಮೆರಾಕ್ಕ ಅದೇ ಚಜ್ಜಾ ಅಡ್ಡ ಬರ್ತದ. ಬೋರ್ಡಿನ ತಳ ಸುಮಾರು 10 ಫೂಟ್ ಮ್ಯಾಲ ಅದ, ಚಜ್ಜಾ ಅದಕ್ಕಿಂತ ಅರ್ಧ ಫೂಟ್ ಕೆಳಗ, ಕ್ಯಾಮೆರಾದಿಂದ ಗ್ವಾಡಿ ಎಡ ತುದಿಗಿ 37 ಫೂಟ್ ಆಸುಪಾಸು ಬರ್ತದ, ಹಿಂಗ ಗೆರಿ ಎಳದು ನೋಡಿದ್ರ ನೀರಾಗ ಬೋರ್ಡಿನ ತಳದ ನಾಕೈದು ಇಂಚು ಚಜ್ಜಾ ನುಂಗಿ ಹಾಕ್ತದ. ಬೋರ್ಡ್ ಎತ್ತರಾನೇ ಎರಡೂವರಿ ಫೂಟ್, 30 ಇಂಚು. ಇಂಗ್ಲಿಷ್ ಬೋರ್ಡ್ ಇದ್ರ ಆ ನಾಕೈದು ಇಂಚಿನ್ಯಾಗ ಖಾಲಿ ಅಂಚು ಹೋಗ್ತಿತ್ತು, ಯಾರಿಗೂ ಗೊತ್ತಾಗ್ತಿದ್ದಿಲ್ಲ. ನಮ್ಮದು ಕನ್ನಡ, ಅಲ್ಲೇ "ಟ್ಟಿ" ಒತ್ತು ಜೋತು ಬಿದ್ದದ! ನೀರಾಗ ಒತ್ತಿನ ಬಾಲ ಕಾಣಬಾರ್ದು, ನೀವು ಪೂರಾ ಕಾಣಿಸೀರಿ. ಹಳೇ ಬಿಂಬ ದೊಡ್ಡದು ಮಾಡಿ ನೋಡ್ರಿ, ಅಲ್ಲೂ ಒತ್ತು ಅರ್ಧಕ್ಕ ಕಡದದ, ಚಜ್ಜಾದ ಕೆಳಗಿನ ಕರೀ ಪಟ್ಟಿ ಬಂದದ. ಹೊಸಾ ಲೇಯರಿಗಿ ಮಾಸ್ಕ್ ಹಾಕಿ ಆ ಪಟ್ಟಿ ಹಂಗೇ ಬಿಡ್ರಿ. ನಾ ಮೊದಲು ಒತ್ತಿಲೆ ಪರೀಕ್ಷಾ ಮಾಡ್ರಿ ಅಂದಿದ್ದೆ, ಅದು ಮಾಸ್ಕ್ ಹಾಕೋಕಿಂತ ಮೊದಲೇ ಮಾಡ್ರಿ.

ಉಲ್ಟಾನೂ ಆಗ್ತದ. ಬೋರ್ಡಿನ ಮ್ಯಾಲ ಚಜ್ಜಾ ಇದ್ರ ನೀರಾಗ ಅದರ ಅಡಿ ಭಾಗ ಕಾಣ್ತದ, ನಿಮ್ಮ ಕಣ್ಣಿಗಿ ಅಷ್ಟು ಕಾಣದ್ದು. ಎಬ್ಬಿಸಿದ ಅಕ್ಷರದ ಬೋರ್ಡಿನ್ಯಾಗೂ ಹಂಗೇ, ಅಕ್ಷರದ ಅಡಿ ದಪ್ಪ ನೀರಾಗ ಜಾಸ್ತಿ ಕಾಣ್ತದ. ಅಂಥ ಬೋರ್ಡಿಗಿ ಬರೇ ಫ್ಲಿಪ್ ಸಾಲಲ್ಲ, ಅಡಿ ದಪ್ಪ ಕೈಲೆ ಬಿಡಸ್ಬೇಕು. ನಿಮ್ಮದು ಬಣ್ಣದ ಬೋರ್ಡ್, ಚಪ್ಪಟ, ಬಚಾವ್.

ಇನ್ನ ಬಣ್ಣ. ಮ್ಯಾಲಿನ ಬೋರ್ಡಿನ ಬಿಳಿ ಹಂಗೇ ನೀರಾಗ ಇಟ್ರ ನೀರು ಅನಸಲ್ಲ, ನೆಲಕ್ಕ ಸ್ಟಿಕರ್ ಅಂಟಿಸಿದಂಗ ಅನಸ್ತದ. ಈ ಫೋಟೋದ ಕೋನದಾಗ ನೀರು ತನ್ನ ಮ್ಯಾಲ ಬಿದ್ದ ಬೆಳಕಿನ್ಯಾಗ ಸುಮಾರು ಹತ್ತರಾಗ ಒಂದು ಪಾಲು ಅಷ್ಟೇ ನಿಮ್ಮ ಕಡಿ ವಾಪಸ್ ಕಳಸ್ತದ, ಕಾಲ ಹತ್ರ ಸೀದಾ ಕೆಳಗ ನೋಡಿದ್ರ ನೂರರಾಗ ಎರಡು, ದೂರಕ್ಕ ಓರೆಯಾಗಿ ನೋಡಿದಂಗ ಜಾಸ್ತಿ ಆಗ್ತಾ ಹೋಗ್ತದ. ಹಂಗಾಗಿ ಬಿಂಬದಾಗ ಬೋರ್ಡಿನ ಮ್ಯಾಲಿನ ಅಂಚು, ಅಂದ್ರ ಫೋಟೋದ ತಳದ ಕಡಿಗಿ ಬಂದದ್ದು, ಜರಾ ಜಾಸ್ತಿ ಮಂಕು ಇರ್ಬೇಕು. ಕರೀ ಬಣ್ಣ ಮಾತ್ರ ಕರೀ ಉಳಿಯಲ್ಲ, ರಾಡಿ ನೀರಿನ ಸ್ವಂತ ಕಂದು ಬಣ್ಣ ಅದರ ಮ್ಯಾಲ ಕೂಡ್ಕೋತದ. ನಾ ನಂಬರ್ ಹಾಕ್ಕೋತ ಕುಂದ್ರಲ್ಲ, ಹಳೇ ಬಿಂಬದಾಗಿನ ಅತೀ ಬೆಳ್ಳಗಿಂದೂ ಅತೀ ಕರ್ರಗಿಂದೂ ಐಡ್ರಾಪರಿಲೆ ಮೊದಲೇ ತಗದಿಟ್ಟು, ಹೊಸಾ ಅಕ್ಷರಕ್ಕ `Levels` ದಾಗ ಕೆಳಗಿನ ಔಟ್‌ಪುಟ್ ಪಟ್ಟಿಲೆ ಅವೆರಡರ ನಡುವ ಒತ್ತಿ ಕುಂದ್ರಸ್ತೀನಿ. ಬರೇ ಒಪ್ಯಾಸಿಟಿ ಇಳಿಸೋದು ಬ್ಯಾಡ, ಕೆಳಗಿನ ಹಳೇ "ಗುಲಬರ್ಗಾ" ಇಣುಕಿ ನೋಡ್ತದ.

ಅದಕ್ಕೇ ಹಳೇ ಬಿಂಬ ಅಳಿಸೋದು ಮೊದಲ ಕೆಲಸ. ಕ್ಲೋನ್ ಮಾಡೋವಾಗ ಅಕ್ಷರದ ಸಂದ್ಯಾಗಿನ ಬಣ್ಣಾನೇ ತಗೊಂಡು ಬಾಜೂಕ್ಕ ಬಡೀರಿ, ಮ್ಯಾಲ ಕೆಳಗಿಂದು ತಗೋಬ್ಯಾಡ್ರಿ, ಮಂಕು ಬದಲಾಗ್ತದಂತ ಈಗೇ ಹೇಳ್ದೆ. ನೀರಿನ ಸಣ್ಣ ಸಣ್ಣ ಅಲೆಯ ಗೆರಿ ಪೂರಾ ಒರಿಸಿ ಹಾಕಬ್ಯಾಡ್ರಿ, ಅವು ಹೊಸಾ ಅಕ್ಷರದ ಮ್ಯಾಲ ಬೇಕು. ಅಲೆ ಇದ್ದಾಗ ನೀರಾಗಿನ ಚಿತ್ರ ಅಡ್ಡಕ್ಕಿಂತ ಮ್ಯಾಲ ಕೆಳಗ ಜಾಸ್ತಿ ಜಗ್ಗತದ, ಸಂಜಿಗಿ ಒದ್ದೀ ರೋಡಿನ ಮ್ಯಾಲ ಗಾಡಿ ಲೈಟ್ ಉದ್ದಕ ಬೀಳೋದು ನೋಡೀರಲ್ಲ, ಅದೇ. ಹಂಗಾಗಿ `Gaussian Blur` ಕೊಟ್ಟು ಎಲ್ಲಾ ಕಡಿ ಒಂದೇ ಸಮ ಮಸುಕು ಮಾಡಬ್ಯಾಡ್ರಿ, `Motion Blur` ತಗೊಂಡು ಕೋನ 90 ಇಡ್ರಿ, ಎಷ್ಟು ಅನ್ನೋದು ಹಳೇ ಬಿಂಬದಾಗಿನ ಕಿಡಕಿ ಅಂಚು ನೋಡಿ, ಅಷ್ಟೇ ಮಸುಕು ಬರೋ ತನಕ ಏರಸ್ರಿ. ನಿಮ್ಮ ಫೋಟೋಕ್ಕ 6 ಇಲ್ಲ 7 ಪಿಕ್ಸೆಲ್ ಸಾಕು ಅನಸ್ತದ. ನೀರಾಗಿನ ಅಕ್ಷರ ಮ್ಯಾಲಿನ ಅಕ್ಷರಕ್ಕಿಂತ ಚೂಪಾಗಿ ಕಂಡ್ರ ಯಾವ ಗಿರಾಕಿಗೂ ಏನೋ ಒಂದು ಸರಿ ಇಲ್ಲ ಅನಸ್ತದ, ಏನಂತ ಹೇಳ್ಲಾಕ ಬರಲ್ಲ ಅಷ್ಟೇ. ನೀರಿನ ನಡುವ ಫರಸಿ ತುಂಡು, ಹುಲ್ಲ ಎದ್ದದ್ದು ಇದ್ರ ಅಲ್ಲಿ ಬಿಂಬ ಕಡೀತದ, ಮಾಸ್ಕಿನ್ಯಾಗ ಅದನ್ನೂ ಬಿಡ್ರಿ.

ಕನ್ನಡಿ ಕೇಳೀರಿ. ಮಾತು ಅದೇ, ಮಗುಚೋ ದಿಕ್ಕು ಬ್ಯಾರೆ. ಗ್ವಾಡಿಗಿ ಹಾಕಿದ ಕನ್ನಡಿದಾಗ ಎದುರಿನ ಬೋರ್ಡ್ ಕಾಣ್ತದಂದ್ರ `Flip Horizontal`, ಅಕ್ಷರ ನಿಂತೇ ಇರ್ತಾವ, ಸಾಲು ಬಲದಿಂದ ಎಡಕ್ಕ ಓಡ್ತದ. ಕಟಿಂಗ್ ಅಂಗಡ್ಯಾಗ ಮುಂದೊಂದು ಹಿಂದೊಂದು ಕನ್ನಡಿ ಇರ್ತಾವ, ಎರಡನೇ ಸಲ ಹಾದು ಬಂದ ಬಿಂಬದಾಗ ಅಕ್ಷರ ಮತ್ತ ಸೀದಾ ಆಗ್ತಾವ, ಅದನ್ನ ಫ್ಲಿಪ್ ಮಾಡಿ ಕೆಡಸಬ್ಯಾಡ್ರಿ. ಕನ್ನಡಿ ಮ್ಯಾಲೇ ಅಂಟಿಸಿದ ರೇಟಿನ ಸ್ಟಿಕರಂತೂ ಸೀದಾನೇ ಇರ್ತದ. ಕನ್ನಡಿಗಿ ತೂಗುಗುಂಡಿನ ಗೆರಿ ಸಿಗಲ್ಲ, ಗುರ್ತಿನ ಜೋಡಿನೂ ಭಾಳ ಸಲ ಸಿಗಲ್ಲ, ಯಾಕಂದ್ರ ಖರೇ ಬೋರ್ಡ್ ಫೋಟೋ ತಗದವರ ಬೆನ್ನ ಹಿಂದ ಇರ್ತದ, ಹಳೇ ಬಿಂಬದ ನಾಕು ಮೂಲಿನೇ ಗತಿ. ಆ ಮೂಲಿ ಗುರ್ತು ಹಾಕಿ ಲೇಯರಿನ್ಯಾಗ ಉಳಿಸ್ಕೊಂಡ ಮ್ಯಾಲೇ ಹಳೇ ಅಕ್ಷರ ಅಳಿಸ್ರಿ, ಮೊದಲು ಅಳಿಸಿಬಿಟ್ರ ಎಲ್ಲಿ ಇಡೋದಂತ ತಡಕಾಡ್ಕೋತ ಕುಂದ್ರತೀರಿ.

ನಿಮ್ಮ ಖಾನಾವಳಿ ಫೋಟೋ ಪ್ರಿಂಟಿಗಿ ಹಾಕೋಕಿಂತ ಮೊದಲು ಇಡೀ ಫೋಟೋ ಒಂದ್ ಸಲ `Flip Vertical` ಮಾಡಿ ಸ್ಕ್ರೀನಿನ ಮ್ಯಾಲ ನೋಡ್ರಿ. ಆಗ ನೀರಾಗಿನ ಬೋರ್ಡ್ ಸೀದಾ ಓದ್ಲಾಕ ಬರ್ತದ, "ಕಲಬುರಗಿ"ದಾಗ ಒಂದ್ ಕೊಂಬು ತಪ್ಪಿದ್ರೂ ಅಲ್ಲೇ ಸಿಗ್ತದ.